ಹೊಲವಿಲ್ಲದ ಸಭೆಗೆ ಸುಗ್ಗಿ ಹಬ್ಬದ ಪ್ರಸಂಗ

ಪ್ರಶ್ನೆ: ಬೆಂಗಳೂರಿನ ನಮ್ಮ ಸಿಎಸ್‌ಐ ಕನ್ನಡ ಸಭೆಯಲ್ಲಿ ಈ ಸಲ ಸುಗ್ಗಿ ಹಬ್ಬದ ಪ್ರಸಂಗ ನನ್ನ ಪಾಲಿಗೆ ಬಂದಿದೆ. ಕೂತು ಕೇಳುವವರಲ್ಲಿ ಬೇಸಾಯ ಮಾಡುವವರು ಒಬ್ಬರೂ ಇಲ್ಲ. ಐಟಿ, ಬ್ಯಾಂಕು, ಆಸ್ಪತ್ರೆ, ಗಾರ್ಮೆಂಟ್ಸ್‌ನವರೇ ಎಲ್ಲ. ಯಾವ ವಾಕ್ಯ ತೆಗೆದುಕೊಳ್ಳಲಿ, ಹೇಗೆ ಕಟ್ಟಲಿ?

ಧರ್ಮೋಪದೇಶಕಾಂಡ 26:1–11 ತೆಗೆದುಕೊಳ್ಳಿ. ಕೀರ್ತನೆ 65 ಸೊಗಸಾಗಿದೆ, ಆದರೆ ಅದು ಹೊಲವನ್ನು ಕಣ್ಣಾರೆ ಕಾಣುವವರ ಹಾಡು. ಅದನ್ನು ಆರಾಧನೆಯ ಮೊದಲಲ್ಲಿ ಓದಿಸಿ, ಪ್ರಸಂಗಕ್ಕೆ ಇದನ್ನಿಟ್ಟುಕೊಳ್ಳಿ. ಹೊಲವಿಲ್ಲದವರು ಸುಗ್ಗಿಯ ಮಾತನ್ನು ತಮ್ಮ ಬಾಯಲ್ಲಿ ಹೇಗೆ ಆಡಬಹುದು ಎನ್ನುವುದಕ್ಕೆ ಈ ಭಾಗದಲ್ಲೇ ಉತ್ತರ ಇದೆ.

ಮೊದಲು ಅದರ ಕಟ್ಟನ್ನು ನೋಡಿ. ನಾಲ್ಕನೇ ವಚನದವರೆಗೆ ಪುಟ್ಟಿಯ ವಿಷಯ: ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ಯಾಜಕನ ಕೈಗೆ ಕೊಡಬೇಕು. ಐದರಿಂದ ಹತ್ತರವರೆಗೆ ಕೊಡುವವನು ಬಾಯಿಬಿಟ್ಟು ಹೇಳಬೇಕಾದ ಅರಿಕೆ. ಹನ್ನೊಂದರಲ್ಲಿ ಲೇವಿಯರೂ ಪರದೇಶಸ್ಥರೂ ಸೇರಿ ಸಂತೋಷಪಡಬೇಕು ಎಂಬ ಅಪ್ಪಣೆ. ಬಹುತೇಕ ಪ್ರಸಂಗಗಳು ಪುಟ್ಟಿಯಲ್ಲೇ ನಿಂತು ಕಾಣಿಕೆಯ ಮಾತಿಗೆ ತಿರುಗಿಬಿಡುತ್ತವೆ. ನಿಮ್ಮ ಸಭೆಗೆ ಬೇಕಾದದ್ದು ನಡುವಿನ ಅರಿಕೆ.

ಆ ಅರಿಕೆಯಲ್ಲಿ ಮಾತಾಡುವವನು ಯಾರು ಎಂದು ಗಮನಿಸಿ. ದೇಶದಲ್ಲಿ ನೆಲೆಸಿ, ಉತ್ತು ಬಿತ್ತಿ ಬೆಳೆ ತೆಗೆದವನು. ಐಗುಪ್ತದ ಇಟ್ಟಿಗೆ ಕೆಲಸ ಅವನು ಮಾಡಿದ್ದಲ್ಲ, ಅವನ ಹಿಂದಿನವರು ಮಾಡಿದ್ದು. ಆದರೂ ಅವನು ಹೇಳಬೇಕಾದದ್ದು ‘ಅವರನ್ನು ಬಾಧಿಸಿದರು’ ಎಂದಲ್ಲ, ‘ನಮ್ಮನ್ನು ಬಾಧಿಸಿದರು, ನಾವು ಮೊರೆಯಿಟ್ಟೆವು, ಯೆಹೋವನು ನಮ್ಮ ಮೊರೆಯನ್ನು ಕೇಳಿದನು’ ಎಂದು. ಆ ಕಷ್ಟವನ್ನು ಕಾಣದ ತಲೆಮಾರು ಕೂಡ ‘ನಾವು’ ಎನ್ನಬೇಕು ಎಂದೇ ಬರೆದ ಮಾತಿದು. ಜಯನಗರದಲ್ಲಿ ಹುಟ್ಟಿ ಬೆಳೆದ, ನೇಗಿಲು ಮುಟ್ಟದ ಹುಡುಗಿಗೂ ಈ ‘ನಾವು’ ದಕ್ಕುತ್ತದೆ. ಅವಳು ರೈತಳಂತೆ ನಟಿಸಬೇಕಾಗಿಲ್ಲ. ನನ್ನ ಪ್ರಕಾರ ಪ್ರಸಂಗದ ಕೀಲು ಇಲ್ಲಿದೆ, ಉಳಿದದ್ದೆಲ್ಲ ಇದರ ಸುತ್ತ ತಿರುಗಲಿ.

ಇನ್ನೊಂದು ದಾರಿ ಹನ್ನೊಂದನೇ ವಚನದಲ್ಲಿದೆ. ಲೇವಿಯರಿಗೆ ಭೂಮಿಯಲ್ಲಿ ಪಾಲಿರಲಿಲ್ಲ (18:1–2), ಪರದೇಶಸ್ಥನಿಗೂ ಇರಲಿಲ್ಲ. ಇಬ್ಬರೂ ಬೇರೆಯವರು ಬೆಳೆದದ್ದನ್ನು ಉಣ್ಣುವವರು, ಆದರೂ ಹಬ್ಬದ ಸಂತೋಷಕ್ಕೆ ಹೆಸರು ಹಿಡಿದು ಕರೆಸಿಕೊಂಡವರು. ನಿಮ್ಮ ಸಭೆಯ ಬಹುಪಾಲು ಜನ ಈ ವಾಕ್ಯದಲ್ಲಿ ನಿಲ್ಲುವ ಜಾಗ ಪುಟ್ಟಿ ಹೊತ್ತವನದಲ್ಲ, ಇವರಿಬ್ಬರದು. ಇದನ್ನು ಸಭೆಗೆ ನೇರವಾಗಿ ಹೇಳಿ.

ಇಷ್ಟನ್ನೇ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಅದಕ್ಕೆ ಕೈಯಲ್ಲಿ ಹಿಡಿಯುವ ಒಂದು ವಸ್ತು ಬೇಕು. ಒಂದೇ ಸಾಕು: ಅಡುಗೆಮನೆಯ 25 ಕೆಜಿ ಸೋನಾ ಮಸೂರಿ ಚೀಲ. ಪಕ್ಕದಲ್ಲಿ ಒಂದು ಬೊಗಸೆ ಭತ್ತ ಇರಲಿ. ಮುಂದಿನ ಸಾಲಿನ ಮಕ್ಕಳ ಕೈಗೆ ಕೊಟ್ಟು ಇದೇನೆಂದು ಕೇಳಿ, ಕೆಲವರಿಗಾದರೂ ಗೊತ್ತಿರುವುದಿಲ್ಲ. ಆಮೇಲೆ ಲೆಕ್ಕಕ್ಕೆ ಬನ್ನಿ. ಸರ್ಕಾರಿ ಖರೀದಿಯಲ್ಲಿ ನೂರು ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ ಎಂದು ಹಿಡಿಯುತ್ತಾರೆ. ಹಾಗಾದರೆ 25 ಕೆಜಿ ಅಕ್ಕಿಗೆ ಸುಮಾರು 37 ಕೆಜಿ ಭತ್ತ ಬೇಕು. ನೀರಾವರಿ ಗದ್ದೆಯಲ್ಲಿ ಎಕರೆಗೆ 24 ಕ್ವಿಂಟಲ್ ಎಂದಿಟ್ಟುಕೊಳ್ಳಿ, ಗುಂಟೆಗೆ 60 ಕೆಜಿ ಆಯಿತು. ಗುಂಟೆಯೆಂದರೆ 1,089 ಚದರ ಅಡಿ. ಒಂದು ಚೀಲ ಅಕ್ಕಿ ಬೆಳೆದ ನೆಲ ಹೆಚ್ಚುಕಡಿಮೆ 680 ಚದರ ಅಡಿ. ಥರ್ಟಿ ಫಾರ್ಟಿ ಸೈಟಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅದೂ ಸುಮಾರು ನಾಲ್ಕು ತಿಂಗಳು. ಬೆಂಗಳೂರಿನವರಿಗೆ ಎಕರೆ, ಕ್ವಿಂಟಲ್ ಕಿವಿಯ ಮೇಲೆ ಹಾದುಹೋಗುತ್ತದೆ, ಸೈಟಿನ ಅಳತೆ ಹೇಳಿದರೆ ತಟ್ಟನೆ ಹತ್ತುತ್ತದೆ. ಪೀಠದಿಂದ ಮಾತ್ರ ಕೊನೆಯ ಅಂಕಿಯನ್ನಷ್ಟೇ ಹೇಳಿ. ನಡುವಿನ ಗುಣಾಕಾರ ಭಾಗಾಕಾರವೆಲ್ಲ ನಿಮ್ಮ ಟಿಪ್ಪಣಿಯಲ್ಲಿರಲಿ.

ನೆಲದಿಂದ ನೀರಿಗೆ ಹೋಗಿ. ಸೋನಾ ಮಸೂರಿ ಎಂದರೆ ಗಂಗಾವತಿ, ಸಿಂಧನೂರು, ಎಂದರೆ ತುಂಗಭದ್ರಾ ಕಾಲುವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮುಂಗಾರಿನ ಭತ್ತಕ್ಕೆಂದು ನಿಂತಿದ್ದ ನೀರು ಹೊಳೆಗೆ ಹರಿದುಹೋಗತೊಡಗಿತು. ಹರಿಯುವ ನೀರಿನ ನಡುವೆಯೇ ಅಲ್ಲಿಗೆ ತಾತ್ಕಾಲಿಕ ಸ್ಟಾಪ್‌ಲಾಗ್, ಎಂದರೆ ನೀರು ತಡೆಯುವ ಉಕ್ಕಿನ ತಡೆ, ಇಳಿಸುವಷ್ಟರಲ್ಲಿ ಒಂದು ವಾರ ಹತ್ತಿರ ಹಿಡಿಯಿತು. ಆ ವಾರ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರ ಜೀವ ಕೈಯಲ್ಲಿತ್ತು. ಬೆಂಗಳೂರಿನ ಅಂಗಡಿಯಲ್ಲಿ ಅಕ್ಕಿ ಎಂದಿನಂತೆ ಸಿಗುತ್ತಿತ್ತು. ನಗರದಲ್ಲಿ ಕೃತಜ್ಞತೆ ಯಾಕೆ ಒಣಗುತ್ತದೆ ಎಂದು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಡ. ಅಪಾಯ ಒಂದು ಕಡೆ, ಊಟ ಇನ್ನೊಂದು ಕಡೆ. ಇದನ್ನು ಬೈಗುಳದಂತೆ ಹೇಳದೆ ನಡೆದದ್ದನ್ನು ನಡೆದ ಹಾಗೆ ಹೇಳಿ.

ಇನ್ನು ಈ ಪ್ರಸಂಗ ಎಲ್ಲಿ ಕೆಡುತ್ತದೆ ಎನ್ನುವುದು. ಹೆಚ್ಚಾಗಿ ಹಳ್ಳಿಯ ಹಂಬಲದಲ್ಲಿ. ‘ನಮ್ಮ ತಾತಂದಿರ ಹೊಲ, ಆ ಕಣ, ಆ ರಾಶಿ ಪೂಜೆ’ ಎಂದು ಶುರುವಾದರೆ ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ ನಿಜ. ಆದರೆ ಕರ್ನಾಟಕದ ಸಭೆಗಳಲ್ಲಿ ಎಷ್ಟೋ ಕುಟುಂಬಗಳಿಗೆ ಹೊಲವೇ ಇರಲಿಲ್ಲ. ಅವರ ಹಿರಿಯರು ಮತ್ತೊಬ್ಬರ ಹೊಲದಲ್ಲಿ ಕೂಲಿಗೆ, ಜೀತಕ್ಕೆ ದುಡಿದವರು, ಊರ ಹೊರಗೆ ಇದ್ದವರು. ಅಂಥವರಿಗೆ ಊರು ಬಿಟ್ಟದ್ದೇ ಬಿಡುಗಡೆ. ಅವರ ಮುಂದೆ ಹಳ್ಳಿಯನ್ನು ಏದೆನ್ ತೋಟ ಮಾಡಿದರೆ ನೀವು ಹೇಳುತ್ತಿರುವುದು ಜಮೀನ್ದಾರನ ನೆನಪು. ವಾಕ್ಯವೇ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ: ಅರಿಕೆ ಶುರುವಾಗುವುದು ಹೊಲದಿಂದಲ್ಲ, ಅಲೆಮಾರಿಯಾದ ಹಿರಿಯನಿಂದ ಮತ್ತು ದಾಸತ್ವದಿಂದ.

ಎರಡನೆಯದು ‘ಸಂಬಳವೇ ನಮ್ಮ ಬೆಳೆ’ ಎಂಬ ಸುಲಭದ ಹೋಲಿಕೆ. ಬೆಳೆ ಮಳೆಯನ್ನು ಕಾಯುತ್ತದೆ, ಸಂಬಳ ತಿಂಗಳ ಕೊನೆಯನ್ನು ಕಾಯುತ್ತದೆ. ಎರಡೂ ಒಂದೇ ಅಲ್ಲ ಎಂದು ಕೇಳುವವರಿಗೆ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಕೆಲಸ ಕಳೆದುಕೊಂಡವರೂ ಆ ದಿನ ಬೆಂಚಿನಲ್ಲಿ ಕೂತಿರುತ್ತಾರೆ. ಸಂಬಳಕ್ಕೇ ಸ್ತೋತ್ರ ಎಂದರೆ ಅವರಿಗೆ ಹೇಳಲು ಮಾತು ಉಳಿಯುವುದಿಲ್ಲ. ಅವರಿಗಾಗಿ ಹಬಕ್ಕೂಕ 3:17–18 ಓದಿ: ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ ಎಂಬ ಮಾತು. ಎರಡು ವಾಕ್ಯ ಸಾಕು, ವಿವರಣೆ ಬೇಡ.

ಮೂರನೆಯದು ‘ಪ್ರಥಮಫಲ ಕೊಟ್ಟರೆ ದೇವರು ಹತ್ತರಷ್ಟು ಕೊಡುತ್ತಾನೆ’ ಎನ್ನುವುದು. ಈ ಹನ್ನೊಂದು ವಚನಗಳಲ್ಲಿ ಅಂಥ ವಾಗ್ದಾನ ಇಲ್ಲ. ಪುಟ್ಟಿ ಬರುವುದು ಬೆಳೆ ಕೈಗೆ ಬಂದ ಮೇಲೆ, ಅದು ಬಂದದ್ದಕ್ಕೆ ಸಲ್ಲಿಸುವ ಸ್ತೋತ್ರ. ಖಜಾಂಚಿಗಳು ಬೇಸರ ಮಾಡಿಕೊಂಡರೂ ಇದನ್ನು ಬಿಟ್ಟುಕೊಡಬೇಡಿ.

ಸಮಯದ ಮಾತು. ಸುಗ್ಗಿ ಹಬ್ಬದ ಆರಾಧನೆ ಮೊದಲೇ ಉದ್ದ, ಮೇಲೆ ಹರಾಜು ಇರುತ್ತದೆ. ಪ್ರಸಂಗ ಹದಿನೈದು ನಿಮಿಷ ದಾಟದಿರಲಿ. ಅಕ್ಕಿ ಚೀಲದಿಂದ ಶುರುಮಾಡಿ, ಲೆಕ್ಕ ಮತ್ತು ತುಂಗಭದ್ರೆಗೆ ಐದು ನಿಮಿಷ, ‘ನಾವು’ ಎಂಬ ಅರಿಕೆಗೆ ಆರು ನಿಮಿಷ, ಲೇವಿಯ ಮತ್ತು ಪರದೇಶಸ್ಥನಿಗೆ ಎರಡು, ಉಳಿದ ಎರಡು ನಿಮಿಷ ಸಭೆಯೇ ಮಾತಾಡಲಿ. ಈ ಕೊನೆಯದನ್ನು ಬಿಡಬೇಡಿ. ಅರಿಕೆ ಎನ್ನುವುದು ಕೇಳಿಸಿಕೊಳ್ಳುವ ವಾಕ್ಯವಲ್ಲ, ಬಾಯಿಬಿಟ್ಟು ಹೇಳುವ ವಾಕ್ಯ. ಯೆಹೂದ್ಯರ ಹಳೆಯ ನಿಯಮಗಳ ಗ್ರಂಥವಾದ ಮಿಷ್ನಾದ ಬಿಕ್ಕೂರಿಮ್ ಭಾಗದಲ್ಲಿ ಇದರ ಬಗ್ಗೆ ಒಂದು ವಿವರ ಇದೆ. ಮೊದಲು ಓದಬಲ್ಲವರು ತಾವೇ ಹೇಳುತ್ತಿದ್ದರು, ಓದಲು ಬಾರದವರಿಗೆ ಹೇಳಿಕೊಡುತ್ತಿದ್ದರು. ಬಾರದವರು ನಾಚಿಕೆಯಿಂದ ಪ್ರಥಮಫಲ ತರುವುದನ್ನೇ ನಿಲ್ಲಿಸಿದರು. ಆಮೇಲೆ ಬಲ್ಲವರಿಗೂ ಬಾರದವರಿಗೂ ಒಂದೇ ರೀತಿ ಹೇಳಿಕೊಡುವ ಕ್ರಮ ಬಂತು. ನೀವೂ ಹಾಗೆಯೇ ಸಾಲುಸಾಲಾಗಿ ಹೇಳಿಕೊಡಿ. ಕನ್ನಡ ಮಾತಾಡಬಲ್ಲ ಆದರೆ ಓದಲಾರದ ಮಕ್ಕಳು ನಗರದ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ, ಪರದೆಯ ಮೇಲೆ ಹಾಕಿದರೆ ಅವರು ಹೊರಗುಳಿಯುತ್ತಾರೆ. ಮಾದರಿಗೆ ಹೀಗೆ:

‘ನಮ್ಮ ಹಿಂದಿನವರಲ್ಲಿ ಕೆಲವರು ಸ್ವಂತ ಹೊಲ ಉತ್ತರು, ಹಲವರು ಬೇರೆಯವರ ಹೊಲದಲ್ಲಿ ದುಡಿದರು. ಮಳೆ ಬಾರದೆ, ಸಾಲ ತೀರದೆ, ಓದಿಗಾಗಿ, ಮರ್ಯಾದೆಗಾಗಿ ನಾವು ಊರು ಬಿಟ್ಟು ಬಂದೆವು. ನಾವು ಮೊರೆಯಿಟ್ಟಾಗ ಕರ್ತನು ಕೇಳಿದನು. ನಾವು ಬಿತ್ತಲಿಲ್ಲ, ಆದರೂ ಉಂಡೆವು. ಬಿತ್ತಿದವರ ಹೆಸರು ನಮಗೆ ತಿಳಿಯದು, ನಿನಗೆ ತಿಳಿದಿದೆ. ಇಗೋ, ನೀನು ಕೊಟ್ಟದ್ದರಲ್ಲಿ ಮೊದಲನೆಯದನ್ನು ತಂದಿದ್ದೇವೆ.’

ನಿಮ್ಮ ಸಭೆಯ ಹಿನ್ನೆಲೆ ನೋಡಿ ಮೊದಲ ಎರಡು ಸಾಲು ಬದಲಿಸಿ. ‘ಬಂದೆವು’ ಎನ್ನುವುದನ್ನು ಮಾತ್ರ ‘ಬಂದರು’ ಎಂದು ತಿದ್ದಬೇಡಿ. ಯಾರಾದರೂ ಹಿರಿಯರು ತಿದ್ದಲು ಬಂದರೆ ಧರ್ಮೋಪದೇಶಕಾಂಡ 26:6 ತೋರಿಸಿ.

ಕಾಣಿಕೆಯ ಮೇಜಿನ ಬಗ್ಗೆ. ಮಾರ್ಕೆಟ್ಟಿನಲ್ಲಿ ಕೊಂಡ ಸೇಬು, ಅನಾನಸ್ ತಂದರೆ ತಪ್ಪೇನಿಲ್ಲ. ಆದರೆ ಹರಾಜಾದ ಮೇಲೆ ಅದು ಯಾರ ಮನೆಗೆ ಹೋಯಿತು, ಎಷ್ಟಕ್ಕೆ ಹೋಯಿತು ಎನ್ನುವುದಷ್ಟೇ ಸುದ್ದಿಯಾಗಿ ಉಳಿಯುತ್ತದೆ. ಹನ್ನೊಂದನೇ ವಚನ ಪ್ರಸಂಗದಲ್ಲಿ ಬಂದಿದ್ದರೆ ಮೇಜಿನಲ್ಲೂ ಕಾಣಲಿ. ಹಣ್ಣು, ಕೋಳಿ, ಕೇಕು ಹರಾಜಿಗೆ ಹೋಗಲಿ. ಅಕ್ಕಿ, ರಾಗಿ, ಬೇಳೆ, ಎಣ್ಣೆಯನ್ನು ಬೇರೆ ಮೇಜಿನಲ್ಲಿಟ್ಟು ಹಾಗೆಯೇ ಹಂಚಲು ಕಳಿಸಿ. ಯಾರಿಗೆ ಎನ್ನುವುದನ್ನು ಸಭಾಪಾಲಕರ ಜೊತೆ ಹಿಂದಿನ ವಾರವೇ ತೀರ್ಮಾನಿಸಿ, ಗಾಡಿಯನ್ನೂ ಹೇಳಿಟ್ಟಿರಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಅಕ್ಕಿ ಚೀಲಗಳು ಸಂಡೇ ಸ್ಕೂಲ್ ಕೋಣೆಯಲ್ಲೇ ಇರುತ್ತವೆ, ಕೆಲವು ವಾರದಲ್ಲಿ ಹುಳ ಬೀಳುತ್ತದೆ. ಹರಾಜನ್ನು ಆಶೀರ್ವಾದ ಆದ ಮೇಲೆ, ಹೊರಗೆ ಶಾಮಿಯಾನದಡಿ ಇಡಿ. ಪ್ರಸಂಗಕ್ಕೂ ಕಾಣಿಕೆಗೂ ನಡುವೆ ಇಟ್ಟರೆ ಸಭೆ ಆಗಷ್ಟೇ ಹೇಳಿದ ಅರಿಕೆಯ ಮೇಲೆ ಕೂಗು, ನಗು ಬೀಳುತ್ತದೆ.