ಒಂದೇ ಸರದಿ, ಎರಡು ಫಲ

"ನಿಯಮಗಳ ಸರದಿಯಲ್ಲಿ ಫೀಡಿಂಗ್ ಯಾವುದು, ಬ್ಲೀಡಿಂಗ್ ಯಾವುದು? ಯಾವಾಗಲೂ ಅದಲುಬದಲಾಗುತ್ತೆ."

ಒಂದು ಭಾಷೆಯನ್ನು ಸುಮ್ನೆ ಕಲ್ಪಿಸಿಕೊಳ್ಳೋಣ. ಅದರಲ್ಲಿ ಪದದ ಧ್ವನಿ ಬದಲಿಸುವ ನಿಯಮ ಎರಡೇ, ಒಂದು ಮುಗಿದ ಮೇಲೆ ಇನ್ನೊಂದು ನಡೆಯುತ್ತದೆ. ಲೋಪ: ಎರಡು ಸ್ವರ ಕೂಡಿದರೆ ಮೊದಲನೆಯದು ಬೀಳುತ್ತದೆ, ನಮ್ಮ ಕನ್ನಡದ ಊರು + ಅಲ್ಲಿ = ಊರಲ್ಲಿ ಇದ್ದ ಹಾಗೆ. ಚ-ನಿಯಮ: 'ಇ' ಮುಂದಿದ್ದರೆ ತ್ ಹೋಗಿ ಚ್ ಆಗುತ್ತದೆ.

ಮೊದಲು ಲೋಪ ನಡೆಯಲಿ. ಪೆತ + ಇ ಎಂಬಲ್ಲಿ 'ಅ' ಬಿದ್ದು ಪೆತಿ ಆಗುತ್ತದೆ. (ನಮ್ಮ ಲಿಪಿಯಲ್ಲಿ ಆ 'ಅ' ತಕಾರದೊಳಗೇ ಅಡಗಿದೆ, ಬಿಡಿಸಿ ನೋಡಿ.) ಈಗ ತ್ ಪಕ್ಕಕ್ಕೇ 'ಇ' ಬಂತು, ಪೆಚಿ ಆಯಿತು. ಲೋಪವೇ ಚ-ನಿಯಮಕ್ಕೆ ಕೆಲಸ ಒದಗಿಸಿತು. ಇದು ಫೀಡಿಂಗ್.

ಅದೇ ಸರದಿಯಲ್ಲಿ ಗುತಿ + ಅ ನೋಡಿ. 'ಇ' ಬಿದ್ದು ಗುತ ಆಗುತ್ತದೆ. ಚ-ನಿಯಮಕ್ಕೆ ಬೇಕಿದ್ದ 'ಇ' ಇಲ್ಲವಾಯಿತು, ಕೆಲಸ ತಪ್ಪಿತು. ಇದು ಬ್ಲೀಡಿಂಗ್. ಗೊಂದಲ ಇಲ್ಲೇ ಹುಟ್ಟೋದು ಅಲ್ವಾ? ಹೆಸರು ನಿಯಮಗಳ ಜೋಡಿಗಲ್ಲ, ಆಯಾ ಪದದಲ್ಲಿ ಏನಾಯಿತು ಅನ್ನೋದಕ್ಕೆ.

ಚ-ನಿಯಮ ಮೊದಲಾದರೆ ಸಿಗೋದು ಪೆತಿ ಮತ್ತು ಗುಚ. ಪೆತಿಯಲ್ಲಿ 'ಇ' ಇದ್ದೂ ಚ್ ಇಲ್ಲ, ಗುಚದಲ್ಲಿ 'ಇ' ಇಲ್ಲದೆಯೂ ಚ್ ಇದೆ. ಇವು ಕ್ರಮವಾಗಿ ಕೌಂಟರ್‌ಫೀಡಿಂಗ್, ಕೌಂಟರ್‌ಬ್ಲೀಡಿಂಗ್. ದತ್ತಾಂಶದಲ್ಲಿ ಪೆಚಿ, ಗುಚ ಎರಡೂ ಇದ್ದರೆ ಯಾವ ಸರದಿಯೂ ಹೊಂದಲ್ಲ. ಆಗ ನಿಯಮಗಳನ್ನೇ ತಿದ್ದಬೇಕು.