ಪಿ 0.08 ಬಂದರೆ ಏನು ಬರೆಯಬೇಕು?

“ಮಡಿಕೇರಿ ಹತ್ತಿರದ ಕಾಫಿ ತೋಟದ 15 ಕಾರ್ಮಿಕರಿಗೆ ಉಪ್ಪು ಕಡಿಮೆ ಮಾಡೋ ಬಗ್ಗೆ ಪಾಠ ಮಾಡಿದೆ, ಇನ್ನು 15 ಜನಕ್ಕೆ ಮಾಡಲಿಲ್ಲ. ಪಾಠ ಕೇಳಿದವರ ಮೇಲಿನ ಬಿಪಿ ಸರಾಸರಿ 6 ಕಡಿಮೆ. ಪಿ 0.08, 95% ಸಿಐ −0.8ರಿಂದ 12.8. ಪ್ರಯೋಜನ ಇಲ್ಲ ಅಂತ ಬರೀಬೇಕಾ?”

ಬೇಡ. ಗುಂಪು ಚಿಕ್ಕದು, ನಿಜವಾದ ಪ್ರಯೋಜನ ಇದ್ದರೂ ಇಂಥ ಪಿ ಬರಬಹುದು. ಪಾಠದಿಂದ ಏನೂ ಆಗದಿದ್ದರೂ, ಇಷ್ಟು ಅಥವಾ ಇನ್ನೂ ಜಾಸ್ತಿ ವ್ಯತ್ಯಾಸ 100ರಲ್ಲಿ ಸುಮಾರು 8 ಸಲ ಸುಮ್ನೆ ಬರಬಹುದು. ಪಿ ಹೇಳುವುದು ಅಷ್ಟೇ.

ಮೊದಲು ಸಿಐ ನೋಡಿ. ಅದರೊಳಗೆ ಸೊನ್ನೆಯೂ ಇದೆ, 12.8ರಷ್ಟು ಇಳಿಕೆಯೂ ಇದೆ. ಯಾವುದನ್ನೂ ತಳ್ಳಿಹಾಕುವಂತಿಲ್ಲ. ಆಮೇಲೆ 6ನ್ನು ಎಸ್‌ಡಿಯಿಂದ ಭಾಗಿಸಿ. ನಿಮ್ಮ ಅಂಕಿಗಳ ಪ್ರಕಾರ ಎಸ್‌ಡಿ ಸುಮಾರು 9 ಇರಬೇಕು, ಆಗ ಎಫೆಕ್ಟ್ ಸೈಜ್ 0.66 ಆಸುಪಾಸು. ಸಣ್ಣದೇನಲ್ಲ, ಆದರೆ 30 ಜನರಲ್ಲಿ ಇದೂ ಅಲುಗಾಡುವ ಅಂಕಿಯೇ.

ಪಾಠಕ್ಕೆ ಮುಂಚೆ ಎರಡೂ ಗುಂಪಿನ ಬಿಪಿ ಸಮ ಇತ್ತಾ? ನೀವು ಹೇಳಿಲ್ಲ, ಅದನ್ನು ನೋಡಿಕೊಳ್ಳಿ. ಸಮ ಇದ್ದರೆ ಹೀಗೆ ಬರೆಯಿರಿ: “ಬಿಪಿ ಸರಾಸರಿ 6 ಎಂಎಂ ಕಡಿಮೆ ಕಂಡಿತು (95% ಸಿಐ −0.8ರಿಂದ 12.8, ಪಿ 0.08). ಪರಿಣಾಮ ಇದೆಯೋ ಇಲ್ಲವೋ ಎಂದು ಈ ಅಧ್ಯಯನದಿಂದ ಹೇಳಲಾಗದು.”