ಎಂಎಸ್ಸಿ ಮೇಲಿರ್ಬೇಕಾ, ಲ್ಯಾಬ್ ಅನುಭವ ಮೇಲಿರ್ಬೇಕಾ?

ಪ್ರಶ್ನೆ: ಸರ್, ಬಿಎಸ್ಸಿ ಆದ್ಮೇಲೆ 2019ರಿಂದ 2023ರ ತನಕ ಒಂದು ಫಾರ್ಮಾ ಕಂಪನಿಯ ಕ್ಯೂಸಿ, ಅಂದ್ರೆ ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ನಲ್ಲಿದ್ದೆ. ಕೆಲಸ ಬಿಟ್ಟು ಕೆಮಿಸ್ಟ್ರಿ ಎಂಎಸ್ಸಿ ಮಾಡ್ದೆ, 2025ರಲ್ಲಿ ಮುಗೀತು, ಕೆ-ಸೆಟ್ ಕೂಡ ಪಾಸಾಗಿದೆ. ಈಗ ಕ್ಯೂಸಿ ಆಫೀಸರ್ ಪೋಸ್ಟಿಗೂ ಡಿಗ್ರಿ ಕಾಲೇಜ್ ಪೋಸ್ಟಿಗೂ ಅಪ್ಲೈ ಮಾಡ್ತಿದೀನಿ. ಓದು ಲೇಟೆಸ್ಟ್ ಆಗಿರೋದ್ರಿಂದ ರೆಸ್ಯೂಮೆಯಲ್ಲಿ ಅದೇ ಮೊದಲು ಬರ್ಬೇಕಾ?

ಉತ್ತರ: ಯಾವುದು ಲೇಟೆಸ್ಟ್ ಅನ್ನೋದನ್ನ ನೋಡಬೇಡಿ ಮೇಡಂ. ಆ ಪೋಸ್ಟಿಗೆ ಬಂದಿರೋ ಅರ್ಜಿಗಳಲ್ಲಿ ನಿಮ್ಮನ್ನ ಬೇರೆಯವರಿಂದ ಬೇರೆ ಮಾಡಿ ತೋರ್ಸೋದು ಯಾವುದು ಅಂತ ನೋಡಿ, ಅದು ಮೊದಲು ಬರ್ಲಿ.

ಕ್ಯೂಸಿ ಪೋಸ್ಟ್ ತಗೊಳ್ಳಿ. ಅಂಥ ಜಾಹೀರಾತಲ್ಲಿ ಸಾಮಾನ್ಯವಾಗಿ "ಬಿಎಸ್ಸಿ ಅಥವಾ ಎಂಎಸ್ಸಿ ಕೆಮಿಸ್ಟ್ರಿ, ಮೂರು ವರ್ಷ ಅನುಭವ, ಎಚ್‌ಪಿಎಲ್‌ಸಿ ಗೊತ್ತಿರ್ಬೇಕು" ಅಂತ ಇರತ್ತೆ. ಇಲ್ಲಿ ಡಿಗ್ರಿ ಅನ್ನೋದು ಬಾಗಿಲು ದಾಟೋಕೆ ಮಾತ್ರ, ಅರ್ಜಿ ಹಾಕಿದ ಹೆಚ್ಚುಕಮ್ಮಿ ಎಲ್ಲರ ಹತ್ರನೂ ಅದು ಇರತ್ತೆ. ನಾನು ಕ್ಯೂಸಿಗೆ ಜನ ತಗೊಳ್ಳೋ ಕಡೆ ಕೂತಿದ್ದಾಗ ಮೊದಲು ಹುಡುಕ್ತಿದ್ದಿದ್ದು ಇವರು ಮಷೀನ್ ಮುಂದೆ ತಾವೇ ನಿಂತಿದಾರಾ ಅಂತ. ಒಂದ್ಸಲ ಒಬ್ಬ ಹುಡುಗನ ರೆಸ್ಯೂಮೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮಾರ್ಕ್ಸಿನ ಟೇಬಲ್ಲು ಮುಕ್ಕಾಲು ಪುಟ ತುಂಬಿತ್ತು, ಫ್ರೆಶರ್ ಅಂದ್ಕೊಂಡು ಪಕ್ಕಕ್ಕಿಟ್ಟೆ, ಸಂಜೆ ಇನ್ನೊಂದ್ಸಲ ತೆಗೆದು ನೋಡಿದ್ರೆ ಎರಡನೇ ಪುಟದಲ್ಲಿ ಐದು ವರ್ಷದ ಡಿಸೊಲ್ಯೂಷನ್, ಎಚ್‌ಪಿಎಲ್‌ಸಿ ಕೆಲಸ ಇತ್ತು. ಎಲ್ಲರಿಗೂ ಹಂಗೆ ಎರಡನೇ ಸಲ ನೋಡೋಷ್ಟು ಟೈಮ್ ಸಿಗಲ್ಲ.

ಹಂಗಾಗಿ ಈ ಪೋಸ್ಟಿಗೆ ಅನುಭವನೇ ಮೇಲೆ. ಆದ್ರೆ ಬರೀ "ಕ್ಯೂಸಿ ಕೆಲಸ ಮಾಡಿದೀನಿ" ಅಂದ್ರೆ ಏನೂ ಗೊತ್ತಾಗಲ್ಲ. ನೋಡಿದ್ದು ಕಚ್ಚಾವಸ್ತುನಾ, ಫಿನಿಶ್ಡ್ ಪ್ರಾಡಕ್ಟಾ, ಸ್ಟೆಬಿಲಿಟಿ ಸ್ಯಾಂಪಲ್ಲಾ, ಅಸ್ಸೇ ಮಾತ್ರನಾ ಇಂಪ್ಯೂರಿಟಿನೂ ಮಾಡಿದೀರಾ, ಸಾಫ್ಟ್‌ವೇರ್ ಎಂಪವರಾ ಬೇರೆದಾ, ರಿಸಲ್ಟ್ ಲಿಮಿಟ್ ದಾಟಿದಾಗ ಓಓಎಸ್ ತನಿಖೆಯಲ್ಲಿ ಕೂತಿದೀರಾ, ಇದೆಲ್ಲ ಬರೀರಿ. ನಿಮ್ಮ ಕೇಸಲ್ಲಿ ಒಂದು ತೊಡಕಿದೆ. ಅನುಭವ ಮೇಲಿಟ್ಟ ಕೂಡ್ಲೇ ಓದೋವ್ರ ಕಣ್ಣಿಗೆ "2023" ಬೀಳತ್ತೆ, ಅಲ್ಲಿಂದ ಈಚೆಗೆ ಏನ್ ಮಾಡ್ತಿದ್ರು ಅನ್ನೋ ಅನುಮಾನ ಬರತ್ತೆ. ಅದಕ್ಕೆ ಹೆಸರಿನ ಕೆಳಗೇ ಒಂದು ಸಾಲು ಹಾಕಿ: "ನಾಲ್ಕು ವರ್ಷ ಕ್ಯೂಸಿ ಅನುಭವ, ನಂತರ ಪೂರ್ಣಾವಧಿ ಎಂಎಸ್ಸಿ ಕೆಮಿಸ್ಟ್ರಿ, 2025". ಗ್ಯಾಪ್ ಯಾಕೆ ಅಂತ ಅಲ್ಲೇ ಗೊತ್ತಾಗತ್ತೆ, ಓದಿನ ವಿವರ ಕೆಳಗಿದ್ರೂ ನಡೆಯತ್ತೆ.

ಕಾಲೇಜಿನ ಪೋಸ್ಟಿಗೆ ಲೆಕ್ಕ ಪೂರ್ತಿ ತಿರುಗತ್ತೆ. ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಯುಜಿಸಿ ನಿಯಮದ ಪ್ರಕಾರ ಸಾಮಾನ್ಯ ವರ್ಗದವ್ರಿಗೆ ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಬೇಕು, ಜೊತೆಗೆ ನೆಟ್ ಅಥವಾ ಸೆಟ್. ಪರಿಶೀಲನೆಗೆ ಕೂತವರು ಮೊದಲು ಟಿಕ್ ಹಾಕೋದೇ ಇವೆರಡಕ್ಕೆ, ಹುಡುಕಿ ತೆಗೆಯೋ ಕೆಲಸ ಅವರಿಗೆ ಕೊಡಬೇಡಿ. ಎಂಎಸ್ಸಿ, ಅದರ ಪರ್ಸೆಂಟು, ಕೆ-ಸೆಟ್ ಪಾಸಾದ ವರ್ಷ, ವಿಷಯ, ಎಲ್ಲ ಮೊದಲ ಕಾಲುಪುಟದೊಳಗೇ ಇರ್ಲಿ. ಮಾರ್ಕ್ಸ್‌ಕಾರ್ಡಲ್ಲಿ ಬರೀ ಸಿಜಿಪಿಎ ಇದ್ರೆ ನಿಮ್ಮ ಯೂನಿವರ್ಸಿಟಿ ಕೊಟ್ಟಿರೋ ಸೂತ್ರದ ಪ್ರಕಾರ ಪರ್ಸೆಂಟ್ ಮಾಡಿ ಪಕ್ಕದಲ್ಲಿ ಬರೀರಿ. ಲ್ಯಾಬಿನ ನಾಲ್ಕು ವರ್ಷ ಅದರ ಕೆಳಗೆ ಬರ್ಲಿ, ಆದ್ರೆ ಕಂಪನಿಗೆ ಬರೆದದ್ದನ್ನೇ ಕಾಪಿ ಮಾಡಬೇಡಿ, ಪ್ರಾಕ್ಟಿಕಲ್ ಕ್ಲಾಸಿಗೆ ಕೆಲಸಕ್ಕೆ ಬರೋದನ್ನ ಆರ್ಸಿ: ದ್ರಾವಣ ಸ್ಟ್ಯಾಂಡರ್ಡೈಸ್ ಮಾಡೋದು, ಉಪಕರಣ ಕ್ಯಾಲಿಬ್ರೇಷನ್, ಹೊಸಬರಿಗೆ ಟ್ರೇನಿಂಗ್ ಕೊಟ್ಟಿದ್ರೆ ಅದು ಖಂಡಿತ.

ಇನ್ನೊಂದು ಥರದ ಪೋಸ್ಟ್ ನಿಮಗೆ ಸಿಗಬಹುದು, ಅದರಲ್ಲೇ ಜಾಸ್ತಿ ಜನ ಎಡವೋದು. ಅದೇ ಫಾರ್ಮಾ ಕಂಪನಿಗಳು ಅನಲಿಟಿಕಲ್ ಆರ್ ಅಂಡ್ ಡಿಗೆ ಕರೀತಾರೆ, ಎಂಎಸ್ಸಿ ಕಡ್ಡಾಯ, ಅನುಭವ ಸೊನ್ನೆಯಿಂದ ಎರಡು ವರ್ಷ ಅಂತ. ಕಂಪನಿ ಅಲ್ವಾ ಅಂತ ಕ್ಯೂಸಿ ರೆಸ್ಯೂಮೆನೇ ಕಳಿಸಿಬಿಡ್ತಾರೆ. ಅಲ್ಲಿ ಬೇಕಾಗಿರೋದು ಇರೋ ಮೆಥಡ್ ಪ್ರಕಾರ ದಿನಾ ಸ್ಯಾಂಪಲ್ ಓಡಿಸೋರಲ್ಲ, ಹೊಸ ಮೆಥಡ್ ಕಟ್ಟೋರು. ನಿಮ್ಮ ಎಂಎಸ್ಸಿ ಪ್ರಾಜೆಕ್ಟು ಮೆಥಡ್ ಡೆವಲಪ್‌ಮೆಂಟ್ ಅಥವಾ ವ್ಯಾಲಿಡೇಷನ್ ಮೇಲಿದ್ರೆ ಓದು ಮೇಲೆ ಬರ್ಲಿ, ಡಿಗ್ರಿ ಕೆಳಗೆ ಪ್ರಾಜೆಕ್ಟನ್ನ ಮೂರ್ನಾಲ್ಕು ಸಾಲಲ್ಲಿ ಬಿಡಿಸಿ ಬರೀರಿ: ಯಾವ ಮಾಲಿಕ್ಯೂಲು, ಯಾವ ಕಾಲಮ್ಮು, ಯಾವ ಮೊಬೈಲ್ ಫೇಸು, ಏನೇನು ಬದಲಾಯಿಸಿದ್ಮೇಲೆ ಪೀಕ್ ಬೇರೆ ಆಯ್ತು. ಪ್ರಾಜೆಕ್ಟು ಸಿಂಥೆಸಿಸ್ ಥರ ಬೇರೆ ಕಡೆದಾಗಿದ್ರೆ ಈ ಪೋಸ್ಟಿಗೂ ಲ್ಯಾಬ್ ಅನುಭವನೇ ಮುಂದಿಡಿ, ಯಾಕಂದ್ರೆ ಎಚ್‌ಪಿಎಲ್‌ಸಿ ಬಗ್ಗೆ ನಿಮ್ಮ ಹತ್ರ ತೋರ್ಸೋಕೆ ಇರೋದು ಅದೇ.